ಕೊಲಂಬಸ್‌ನಲ್ಲಿ ಮಗನ ಮೊದಲ ಕಾರು: ಅಲ್ಲಿ 18 ಪರ್ಸೆಂಟ್ ಸಾಲ ಮಾಡಲಾ, ಇಲ್ಲಿಂದ ದುಡ್ಡು ಕಳಿಸಲಾ?

ಗುಬ್ಬಿ_ತೋಟ

ಎಲ್ಲರಿಗೂ ನಮಸ್ಕಾರ. ನಾನು ಗುಬ್ಬಿ ಕಡೆಯವನು, ಅಡಿಕೆ ತೋಟ ನೋಡಿಕೊಂಡಿದ್ದೇನೆ. ಮಗ ತುಮಕೂರಿನಲ್ಲೇ ಇಂಜಿನಿಯರಿಂಗ್ ಓದಿದ. ಎರಡು ತಿಂಗಳ ಹಿಂದೆ ಎಚ್-1ಬಿ ವೀಸಾದ ಮೇಲೆ ಅಮೆರಿಕದ ಕೊಲಂಬಸ್‌ಗೆ ಹೋಗಿದ್ದಾನೆ, ಒಹಾಯೊ ರಾಜ್ಯ. ಮನೆಯಿಂದ ಫ್ಯಾಕ್ಟರಿ 22 ಮೈಲಿ. ಬಸ್ ಇಲ್ಲ. ಇಷ್ಟು ದಿನ ಜೊತೆ ಕೆಲಸದವರ ಕಾರಿನಲ್ಲಿ ಹೋಗುತ್ತಿದ್ದ, ಅವರ ಶಿಫ್ಟ್ ಬದಲಾಯಿತು.

ಒಬ್ಬ ಡೀಲರ್ ಹತ್ತಿರ 2017ರ ಹ್ಯುಂಡೈ ಎಲಾಂಟ್ರಾ ನೋಡಿದ್ದಾನೆ. ತೆರಿಗೆ ಎಲ್ಲ ಸೇರಿ 13,000 ಡಾಲರ್. 1,000 ಕೈಯಿಂದ ಕಟ್ಟಿದರೆ 12,000 ಸಾಲ ಕೊಡುತ್ತಾರಂತೆ. ಐದು ವರ್ಷ, ತಿಂಗಳಿಗೆ 305 ಡಾಲರ್. ಬಡ್ಡಿ 18 ಪರ್ಸೆಂಟ್. ನಾನು ಟ್ರ್ಯಾಕ್ಟರ್ ತಗೊಂಡಾಗಲೂ ಅಷ್ಟು ಬಡ್ಡಿ ಕಟ್ಟಿಲ್ಲ. ಇವನಿಗೆ ಇಲ್ಲಿ ಒಳ್ಳೆಯ ಸಿಬಿಲ್ ಸ್ಕೋರ್ ಇದೆ, ಒಂದು ಕಂತೂ ತಪ್ಪಿಸಿದವನಲ್ಲ. ಆದರೂ ಹೀಗ್ಯಾಕೆ? ನನ್ನ ಹತ್ತಿರ ಒಂದು ಎಫ್‌ಡಿ ಇದೆ, ಆರು ಲಕ್ಷ. ಮುರಿದು ಕಳಿಸಲಾ? ತಿಳಿದವರು ಹೇಳಿ.

ಕೋಲಾರ_ಕೆಎ07

ಸರ್, ಎನ್‌ಆರ್‌ಐ ಆದಮೇಲೆ ಕಾರ್ ಲೋನ್ ಕಷ್ಟ. ನಮ್ಮ ಭಾವನಿಗೂ ಹೀಗೇ ಆಯಿತು. ನೀವು ಕೋ-ಅಪ್ಲಿಕೆಂಟ್ ಆಗಿ ಸಹಿ ಹಾಕಿ, ತೋಟದ ಪಹಣಿ ಕೊಡಿ. ನಿಮಗೆ ಖಾತೆ ಇರುವ ಬ್ಯಾಂಕಿನಲ್ಲೇ ಒಂಬತ್ತು ಚಿಲ್ಲರೆಗೆ ಕೊಡುತ್ತಾರೆ.

ಗುಬ್ಬಿ_ತೋಟ

ಕಾರು ಅಮೆರಿಕದಲ್ಲಿ ತಗೊಳ್ಳೋದು ಸ್ವಾಮಿ, ಇಲ್ಲಿ ಅಲ್ಲ.

ಕೋಲಾರ_ಕೆಎ07

ಓ, ಪೂರ್ತಿ ಓದದೆ ಬರೆದೆ, ಕ್ಷಮಿಸಿ. ಆದರೂ ಅಲ್ಲೂ ಜಾಮೀನು ಹಾಕುವ ಪದ್ಧತಿ ಇದೆ ಅಂತ ಕೇಳಿದ್ದೇನೆ.

ತಿಪಟೂರು_ಬ್ಯಾಂಕ್_ನಿವೃತ್ತ

ನಾನು 31 ವರ್ಷ ಬ್ಯಾಂಕಿನಲ್ಲಿದ್ದವನು. ಸಿಬಿಲ್ ಒಳ್ಳೆಯದಿದ್ದರೆ ಈಗ ಅಮೆರಿಕದಲ್ಲೂ ನೋಡುತ್ತಾರೆ. ಇಲ್ಲಿನ ರೆಕಾರ್ಡನ್ನು ಅಲ್ಲಿಗೆ ತರ್ಜುಮೆ ಮಾಡಿ ಕೊಡುವ ಕಂಪನಿಯೇ ಇದೆ. ಮಗನಿಗೆ ಸಿಬಿಲ್ ರಿಪೋರ್ಟ್ ಪ್ರಿಂಟ್ ತೆಗೆದು ಡೀಲರ್ ಮುಂದೆ ಇಡಲು ಹೇಳಿ, ಬಡ್ಡಿ ಇಳಿಯುತ್ತದೆ.

ದುಡ್ಡು ಕಳಿಸುವ ವಿಷಯ: ಎಲ್‌ಆರ್‌ಎಸ್ ಅಂತ ವಿದೇಶಕ್ಕೆ ದುಡ್ಡು ಕಳಿಸುವ ರಿಸರ್ವ್ ಬ್ಯಾಂಕ್ ಯೋಜನೆ ಇದೆ, ಅದರ ಅಡಿಯಲ್ಲಿ ನಿಮ್ಮ ಪ್ಯಾನ್ ಮೇಲೆ ಮಗನ ಅಮೆರಿಕದ ಖಾತೆಗೆ ನೇರ ಕಳಿಸಬಹುದು. ಬ್ಯಾಂಕಿನಲ್ಲಿ ಎ2 ಫಾರಂ ತುಂಬಬೇಕು. ಒಂದು ಹಣಕಾಸು ವರ್ಷದಲ್ಲಿ 10 ಲಕ್ಷದವರೆಗೆ ಟಿಸಿಎಸ್ ಅನ್ನುವ ಮುಂಗಡ ತೆರಿಗೆ ಹಿಡಿಯುವುದಿಲ್ಲ. ಆರು ಲಕ್ಷಕ್ಕೆ ಆ ಚಿಂತೆ ಬೇಡ. ಆದರೆ ಡಾಲರ್‌ಗೆ ಯಾವ ರೇಟು ಹಾಕುತ್ತಾರೆ ಅಂತ ಎರಡು ಬ್ಯಾಂಕಿನಲ್ಲಿ ಕೇಳಿ. ಚಾರ್ಜು ಕಾಣುವುದಿಲ್ಲ, ಅದು ರೇಟಿನೊಳಗೆ ಸೇರಿರುತ್ತದೆ.

ಚಿಂತಾಮಣಿ_ಅಕ್ಕ

ನಾನು ಒಹಾಯೊದಲ್ಲೇ ಇದ್ದೇನೆ, ಹತ್ತು ವರ್ಷವಾಯಿತು. ಆರು ವರ್ಷ ವಾಹನ ವಿಮೆ ಆಫೀಸಿನಲ್ಲಿ ಕೋಟ್ ಹಾಕುವ ಕೆಲಸ ಮಾಡಿದ್ದೇನೆ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಮೊದಲು ಸಿಬಿಲ್. ತಿಪಟೂರಿನ ಸರ್ ಹೇಳಿದ್ದು ಅರ್ಧ ಸರಿ. ಅಮೆರಿಕನ್ ಎಕ್ಸ್‌ಪ್ರೆಸ್ ಕಾರ್ಡಿಗೆ ಅರ್ಜಿ ಹಾಕುವಾಗ ಭಾರತದ ರೆಕಾರ್ಡ್ ಬಳಸಲು ದಾರಿ ಇದೆ. ಅದಕ್ಕೆ ಪ್ರಯತ್ನಿಸಲಿ. ಆದರೆ ಡೀಲರ್ ಮುಂದೆ ಪ್ರಿಂಟ್ ಇಟ್ಟರೆ ಅವನು ನೋಡುವುದೂ ಇಲ್ಲ. ಡೀಲರ್ ಅರ್ಜಿಯನ್ನು ಕಂಪ್ಯೂಟರ್‌ನಲ್ಲಿ ನಾಲ್ಕೈದು ಬ್ಯಾಂಕಿಗೆ ಕಳಿಸುತ್ತಾನೆ. ಅವು ಮಗನ, ನಮ್ಮ ಪ್ಯಾನ್ ಥರದ, ಎಸ್‌ಎಸ್‌ಎನ್ ಹಾಕಿ ಹುಡುಕುತ್ತವೆ. ಅಲ್ಲಿ ಏನೂ ಸಿಗುವುದಿಲ್ಲ. ಅದು ಕೆಟ್ಟ ಸ್ಕೋರ್ ಅಲ್ಲ, ಸ್ಕೋರೇ ಇಲ್ಲ. ಹೆಚ್ಚು ಬ್ಯಾಂಕುಗಳು ನೋಡುವ ಫೈಕೋ ಸ್ಕೋರ್ ಹುಟ್ಟಬೇಕಾದರೆ ಕನಿಷ್ಠ ಒಂದು ಖಾತೆ ತೆರೆದು ಆರು ತಿಂಗಳು ಆಗಿರಬೇಕು. ಇವನು ಬಂದೇ ಎರಡು ತಿಂಗಳು. ಅದಕ್ಕೇ 18 ಪರ್ಸೆಂಟ್.

ಆದರೆ ನನಗೆ ಬಡ್ಡಿಗಿಂತ ಜಾಸ್ತಿ ಕಾಣುವುದು ವಿಮೆ. ಸಾಲ ತಗೊಂಡ ಕ್ಷಣ ಬ್ಯಾಂಕು ಫುಲ್ ಕವರೇಜ್ ಕಡ್ಡಾಯ ಮಾಡುತ್ತದೆ. ಅಂದರೆ ತನ್ನ ಕಾರಿಗೇ ಏಟು ಬಿದ್ದರೆ, ಕಳುವಾದರೆ ಅದಕ್ಕೂ ವಿಮೆ. ಸ್ವಂತ ದುಡ್ಡಿನ ಕಾರಿಗೆ ಆ ಕಡ್ಡಾಯ ಇಲ್ಲ. ಎದುರಿನವರಿಗೆ ಆದ ನಷ್ಟ ತುಂಬುವ ಲಯಬಿಲಿಟಿ ಇದ್ದರೆ ಕಾನೂನಿಗೆ ಸಾಕು. ಮತ್ತೆ ಒಹಾಯೊದಲ್ಲಿ ವಿಮೆಯ ಬೆಲೆ ಹಾಕುವಾಗಲೂ ಕ್ರೆಡಿಟ್ ನೋಡುತ್ತಾರೆ. ಕ್ಯಾಲಿಫೋರ್ನಿಯಾ, ಮ್ಯಾಸಚುಸೆಟ್ಸ್‌ನಂಥ ಕಡೆ ನೋಡುವಂತಿಲ್ಲ, ಇಲ್ಲಿ ನೋಡುತ್ತಾರೆ. ಕ್ರೆಡಿಟ್ ಇಲ್ಲದಿದ್ದಕ್ಕೆ ಸಾಲದಲ್ಲಿ ಒಂದು ಸಲ, ವಿಮೆಯಲ್ಲಿ ಇನ್ನೊಂದು ಸಲ ಕಟ್ಟಿದ ಹಾಗೆ.

ಮಗ ಆ ಕಾರಿಗೆ ವಿಮೆ ಎಷ್ಟು ಅಂತ ಕೇಳಿದ್ದಾನಾ? ಎಲಾಂಟ್ರಾ ಕೀ ತಿರುಗಿಸಿ ಸ್ಟಾರ್ಟ್ ಮಾಡುವುದಾ, ಬಟನ್ನಾ? ಇವೆರಡು ಮೊದಲು ತಿಳಿಸಿ.

ಗುಬ್ಬಿ_ತೋಟ

ಫೋನ್ ಮಾಡಿ ಕೇಳಿದೆ ಅಕ್ಕ. ಕೀ ತಿರುಗಿಸುವುದು. ವಿಮೆ ಕೇಳಿರಲಿಲ್ಲ, ಈಗ ಆನ್‌ಲೈನ್‌ನಲ್ಲಿ ನೋಡಿದ. ಫುಲ್ ಕವರೇಜ್ ತಿಂಗಳಿಗೆ 260 ಡಾಲರ್! ಕಾರಿನ ಕಂತಿಗೂ ವಿಮೆಗೂ ಹೆಚ್ಚು ವ್ಯತ್ಯಾಸವೇ ಇಲ್ಲ. ಇಲ್ಲಿ ನನ್ನ ಸ್ವಿಫ್ಟ್‌ಗೆ ಇಡೀ ವರ್ಷಕ್ಕೆ ಅಷ್ಟಾಗುವುದಿಲ್ಲ. ಕೀಗೂ ವಿಮೆಗೂ ಏನು ಸಂಬಂಧ?

ಚಿಂತಾಮಣಿ_ಅಕ್ಕ

ಸಂಬಂಧ ಇದೆ ಸರ್. ಅಮೆರಿಕದಲ್ಲಿ ಮಾರಿದ ಆ ವರ್ಷಗಳ ಹ್ಯುಂಡೈ, ಕಿಯಾ ಕಾರುಗಳಲ್ಲಿ ಕೀ ತಿರುಗಿಸುವ ಮಾಡೆಲ್‌ಗಳು ಬಹಳಷ್ಟರಲ್ಲಿ ಸರಿಯಾದ ಕೀ ಇಲ್ಲದೆ ಇಂಜಿನ್ ಸ್ಟಾರ್ಟ್ ಆಗದಂತೆ ತಡೆಯುವ ಇಮ್ಮೊಬಿಲೈಸರ್ ಇರಲಿಲ್ಲ. ಕೀ ಇಲ್ಲದೆ ಸ್ಟಾರ್ಟ್ ಮಾಡುವ ವಿಡಿಯೋಗಳು ಹರಡಿ 2022ರಿಂದ ಕಳವು ವಿಪರೀತವಾಯಿತು. ಕೊಲಂಬಸ್‌ನಲ್ಲಿ ತುಂಬಾ ಜಾಸ್ತಿ. ಕಂಪನಿಯವರು ಪುಕ್ಕಟೆ ಸಾಫ್ಟ್‌ವೇರ್ ಹಾಕಿಕೊಡುತ್ತಾರೆ, ಆದರೂ ಕೆಲವು ವಿಮೆಯವರು ಬೆಲೆ ಇಳಿಸಿಲ್ಲ. ಆ ಕಾರು ಅಗ್ಗಕ್ಕೆ ಸಿಗುವುದಕ್ಕೆ ಅದೂ ಒಂದು ಕಾರಣ ಇರಬಹುದು.

ಯಾವುದೇ ಕಾರಿಗೂ ಕೈ ಹಾಕುವ ಮುಂಚೆ 17 ಅಕ್ಷರ-ಅಂಕಿಯ ವಿನ್ ನಂಬರ್ ತಗೊಂಡು ವಿಮೆ ಕೋಟ್ ತೆಗೆಯಬೇಕು. ವಿಂಡ್‌ಶೀಲ್ಡ್‌ನ ಎಡಗಡೆ ಕೆಳಗಿನ ಮೂಲೆಯಲ್ಲಿ ಕಾಣುತ್ತದೆ. ಒಂದು ಕೋಟ್‌ಗೆ ಹತ್ತು ನಿಮಿಷ, ಖರ್ಚಿಲ್ಲ.

ಇನ್ನೊಂದು, ಮಗನಿಗೆ ಒಹಾಯೊ ಲೈಸೆನ್ಸ್ ಆಗಿದೆಯಾ? ಕೆಎ-06 ಲೈಸೆನ್ಸ್ ಮತ್ತು ಇಂಟರ್‌ನ್ಯಾಷನಲ್ ಪರ್ಮಿಟ್ ಮೇಲೆ ಓಡಿಸುತ್ತಿದ್ದರೆ ಹೆಚ್ಚಿನ ಕಂಪನಿಗಳು ರೇಟು ಏರಿಸುತ್ತವೆ. ಕಾರಿಗಿಂತ ಮುಂಚೆ ಲೈಸೆನ್ಸ್ ಆಗಲಿ.

ಗುಬ್ಬಿ_ತೋಟ

ಬರೆಯುವ ಪರೀಕ್ಷೆ ಪಾಸು. ಓಡಿಸುವುದರಲ್ಲಿ ಒಂದು ಸಲ ಫೇಲು. ಏಳು ವರ್ಷ ಓಡಿಸಿದ ಹುಡುಗ, ಕೋನ್ ತಾಗಿಸಿದನಂತೆ. ಇಲ್ಲಿಂದ ನೋ ಕ್ಲೇಮ್ ಬೋನಸ್ ಪತ್ರ ತರಿಸಿ ಕಳಿಸಿದರೆ ರಿಯಾಯಿತಿ ಸಿಗುತ್ತದಾ? ನನ್ನ ಕಾರಿಗೆ 50 ಪರ್ಸೆಂಟ್ ಇದೆ.

ಚಿಂತಾಮಣಿ_ಅಕ್ಕ

ಬೋನಸ್ ನಿಮ್ಮ ಹೆಸರಿನಲ್ಲಿದೆ, ಅವನ ಹೆಸರಿನಲ್ಲಿ ಅಲ್ಲ. ಅವನದ್ದೇ ಆಗಿದ್ದರೂ ಅಮೆರಿಕದಲ್ಲಿ ಸಾಮಾನ್ಯವಾಗಿ ಲೆಕ್ಕಕ್ಕೆ ತಗೊಳ್ಳುವುದಿಲ್ಲ. ಆದರೆ ಮೊದಲು ಲೈಸೆನ್ಸ್ ಸಿಕ್ಕ ತಾರೀಕು ಕೆಲವು ಕಂಪನಿಗಳು ಒಪ್ಪುತ್ತವೆ. ಆರ್‌ಟಿಒದಲ್ಲಿ ಡಿಎಲ್ ಎಕ್ಸ್‌ಟ್ರಾಕ್ಟ್ ತೆಗೆಸಿ ಸ್ಕ್ಯಾನ್ ಮಾಡಿ ಕಳಿಸಿ. ಏಜೆಂಟ್ ಹತ್ತಿರ ಬಾಯಿಬಿಟ್ಟು ಕೇಳಬೇಕು, ಆನ್‌ಲೈನ್ ಫಾರಂನಲ್ಲಿ ಆ ಪ್ರಶ್ನೆಯೇ ಬರುವುದಿಲ್ಲ.

ಕೋನ್ ಪರೀಕ್ಷೆಯಲ್ಲಿ ನಾನೂ ಫೇಲಾಗಿದ್ದೆ. ಐದು ಕೋನ್. 9 ಅಡಿ ಅಗಲ, 20 ಅಡಿ ಉದ್ದದ ಚೌಕದಿಂದ ಮುಂದೆ ಹೋಗಿ, ಎದುರಿನ ಕೋನನ್ನು ಒಂದು ಪಕ್ಕದಿಂದ ದಾಟಿ, ಅದೇ ದಾರಿಯಲ್ಲಿ ಹಿಂದಕ್ಕೆ ಬರಬೇಕು. ಖಾಲಿ ಪಾರ್ಕಿಂಗ್‌ನಲ್ಲಿ ಬಕೆಟ್ ಇಟ್ಟು ಎರಡು ಸಂಜೆ ಅಭ್ಯಾಸ ಮಾಡಲಿ. ಅಷ್ಟೇ ಬೇಕಾಗುವುದು.

ಮಧುಗಿರಿ_ನರ್ಸ್

ನಾನು ಜರ್ಮನಿಯಲ್ಲಿ ಇದ್ದೇನೆ. ಇಲ್ಲೂ ಇದೇ ಗೋಳು. ನಮ್ಮ ಲೈಸೆನ್ಸ್ ಆರು ತಿಂಗಳಷ್ಟೇ ನಡೆಯುತ್ತದೆ, ಆಮೇಲೆ ಎರಡೂ ಪರೀಕ್ಷೆ ಬರೆಯಬೇಕು. ವಿಮೆಯಲ್ಲಿ ಕ್ಲೇಮ್ ಇಲ್ಲದ ವರ್ಷಗಳ ಮೆಟ್ಟಿಲು ಇದೆ, ನನ್ನನ್ನು ಕೆಳಗಿನ ಮೆಟ್ಟಿಲಲ್ಲಿ ಕೂರಿಸಿದರು. ಭಾರತದ ಪತ್ರ ಒಪ್ಪಿಸಿದವರು ಜರ್ಮನಿಯಲ್ಲಿ ಯಾರಾದರೂ ಇದ್ದೀರಾ?

ಅಂತರಸನಹಳ್ಳಿ_ಗ್ಯಾರೇಜ್

ಸಾಲ, ವಿಮೆ ನನಗೆ ಗೊತ್ತಿಲ್ಲ. ಆರು ಲಕ್ಷಕ್ಕೆ ಅಲ್ಲಿ ಎಂಥ ಗಾಡಿ ಸಿಗುತ್ತದೆ?

ಚಿಂತಾಮಣಿ_ಅಕ್ಕ

ಹತ್ತಿರ ಹತ್ತಿರ ಏಳು ಸಾವಿರ ಡಾಲರ್ ಅಂದುಕೊಳ್ಳಿ. 2012ರ ಟೊಯೊಟಾ ಕೊರೊಲ್ಲಾ, 1,30,000 ಮೈಲಿ ಓಡಿದ್ದು ಸಿಗಬಹುದು.

ಗುಬ್ಬಿ_ತೋಟ

1,30,000 ಮೈಲಿ ಅಂದರೆ ಎರಡು ಲಕ್ಷ ಕಿಲೋಮೀಟರ್ ದಾಟಿತಲ್ಲ! ಅಂಥ ಗಾಡಿಗೆ ಏಳು ಸಾವಿರವಾ?

ಅಂತರಸನಹಳ್ಳಿ_ಗ್ಯಾರೇಜ್

ಯಜಮಾನರೇ, ಕೊರೊಲ್ಲಾ ಎರಡು ಲಕ್ಷಕ್ಕೆ ಹೆದರುವ ಗಾಡಿ ಅಲ್ಲ. ನಮ್ಮ ಟ್ಯಾಕ್ಸಿಯವರ ಇಟಿಯೋಸ್ ನಾಲ್ಕು ಲಕ್ಷ ಓಡಿದ್ದು ನಾನೇ ಸರ್ವಿಸ್ ಮಾಡುತ್ತೇನೆ. ಆಯಿಲ್ ಟೈಮಿಗೆ ಬದಲಾಯಿಸಿದ್ದಾರಾ ಅನ್ನೋದೇ ಮುಖ್ಯ. ಇಂಜಿನ್ ತಣ್ಣಗಿದ್ದಾಗ ಸ್ಟಾರ್ಟ್ ಮಾಡಿಸಿ, ಮಾರುವವನು ಮೊದಲೇ ಬಿಸಿ ಮಾಡಿಟ್ಟಿದ್ದರೆ ಅನುಮಾನ ಪಡಿ. ಆಯಿಲ್ ಮುಚ್ಚಳ ತೆಗೆದರೆ ಒಳಗೆ ಮಜ್ಜಿಗೆ ಥರ ಬಿಳಿ ಲೇಪ ಇರಬಾರದು. ಗೇರ್ ಆಯಿಲ್ ಸುಟ್ಟ ವಾಸನೆ ಬರಬಾರದು. ಇಂಜಿನ್, ಗೇರ್‌ಬಾಕ್ಸ್ ಚೆನ್ನಾಗಿದ್ದರೆ ಬೇರೆ ಏನಿದ್ದರೂ ಚಿಲ್ಲರೆ ರಿಪೇರಿ.

ಚಿಂತಾಮಣಿ_ಅಕ್ಕ

ಇಂಜಿನ್ ವಿಷಯ ಒಪ್ಪುತ್ತೇನೆ ಅಣ್ಣ. ಆದರೆ ಕೊನೆಯ ಮಾತು ಇಲ್ಲಿ ನಡೆಯುವುದಿಲ್ಲ. ಒಹಾಯೊದಲ್ಲಿ ಚಳಿಗಾಲವಿಡೀ ರಸ್ತೆಗೆ ಉಪ್ಪು ಸುರಿಯುತ್ತಾರೆ. ಹಿಮದ ನೀರಿನ ಜೊತೆ ಅದು ಕಾರಿನ ಹೊಟ್ಟೆಗೆ ಅಂಟಿಕೊಂಡು ತಿನ್ನುತ್ತದೆ. ಮೇಲೆ ಪಳಪಳ ಅನ್ನುವ ಕಾರು, ಕೆಳಗೆ ಸ್ಕ್ರೂಡ್ರೈವರ್ ಒತ್ತಿದರೆ ತಗಡು ಹಪ್ಪಳದ ಹಾಗೆ ಮುರಿಯುತ್ತದೆ. ನಾನು ಕೊಂಡ ಮೊದಲ ಕಾರು ಹಾಗೇ ಇತ್ತು. ಇಂಜಿನ್ ಗಡಿಯಾರದಂತೆ ಓಡುತ್ತಿತ್ತು. ಎಂಟನೇ ತಿಂಗಳು ಸಿಗ್ನಲ್ ಹತ್ತಿರ ಬ್ರೇಕ್ ಒತ್ತಿದರೆ ಪೆಡಲ್ ನೆಲಕ್ಕೆ ಹೋಯಿತು. ಬ್ರೇಕ್ ಪೈಪು ತುಕ್ಕು ಹಿಡಿದು ಒಡೆದಿತ್ತು. ಮುಂದೆ ಯಾರೂ ಇರಲಿಲ್ಲ, ಹ್ಯಾಂಡ್‌ಬ್ರೇಕ್ ಎಳೆದು ನಿಲ್ಲಿಸಿದೆ. ಕೈ ನಡುಕ ನಿಲ್ಲಲು ಅರ್ಧ ಗಂಟೆ ಬೇಕಾಯಿತು.

ಅದಕ್ಕೇ ಮಾರುವವರಿಗೆ ಸಂಬಂಧ ಇಲ್ಲದ ಮೆಕ್ಯಾನಿಕ್ ಹತ್ತಿರ ಲಿಫ್ಟ್ ಮೇಲೆ ಏರಿಸಿ ತೋರಿಸಲೇಬೇಕು. 150 ಡಾಲರ್ ಆಸುಪಾಸು ಆಗುತ್ತದೆ. ಮಾರುವವನು ಅದಕ್ಕೆ ಒಪ್ಪದಿದ್ದರೆ ಅಲ್ಲಿಂದಲೇ ವಾಪಸ್ ಬರಬೇಕು.

ಅಂತರಸನಹಳ್ಳಿ_ಗ್ಯಾರೇಜ್

ಉಪ್ಪಿನ ವಿಷಯ ನನಗೆ ಹೊಳೆದಿರಲಿಲ್ಲ. ಮಂಗಳೂರು ಕಡೆಯ ಗಾಡಿ ಬಂದಾಗ ನಾವೂ ತಳ ನೋಡುತ್ತೇವೆ. ಹಾಗಾದರೆ ಹೊಸದಾಗಿ ಕಪ್ಪು ಬಣ್ಣ ಹೊಡೆದ ತಳ ಕಂಡರೆ ಜಾಸ್ತಿ ಹುಷಾರಾಗಿರಲಿ. ತುಕ್ಕು ಮುಚ್ಚಲು ಹೊಡೆದಿರುತ್ತಾರೆ.

ಶಿಡ್ಲಘಟ್ಟ_ಡಲ್ಲಾಸ್

ಜಾಮೀನಿನ ಮಾತು ಬಂತು, ಅದಕ್ಕೆ ಬರೆಯುತ್ತಿದ್ದೇನೆ. ಇಲ್ಲಿ ಕೋ-ಸೈನರ್ ಅಂತಾರೆ. ತಂದೆ ಊರಿನಲ್ಲಿ ಕೂತು ಆಗಲು ಬರುವುದಿಲ್ಲ, ಅಮೆರಿಕದ ಕ್ರೆಡಿಟ್ ಇರುವವರೇ ಬೇಕು. ನಾನು ರೂಮ್‌ಮೇಟ್‌ಗೆ ಆಗಿದ್ದೆ. ಏಳು ಪರ್ಸೆಂಟ್‌ಗೆ ಸಾಲ ಸಿಕ್ಕಿತು, ಖುಷಿಯಾಯಿತು. ಹದಿನಾಲ್ಕನೇ ತಿಂಗಳು ಅವನ ಕೆಲಸ ಹೋಯಿತು. ಎಚ್-1ಬಿಯಲ್ಲಿ ಕೆಲಸ ಹೋದರೆ 60 ದಿನ ಮಾತ್ರ. ಬೇರೆ ಕೆಲಸ ಸಿಗಲಿಲ್ಲ, ಊರಿಗೆ ಹೋಗಬೇಕಾಯಿತು. ಕಾರು ಮಾರಲು ನೋಡಿದರೆ ಸಿಕ್ಕ ಬೆಲೆಗಿಂತ ಸಾಲ 2,100 ಡಾಲರ್ ಜಾಸ್ತಿ. ಅದನ್ನು ನಾನು ಕಟ್ಟಿದೆ. ಪಾಪ, ಅವನು ಊರಿನಿಂದ ಅರ್ಧ ವಾಪಸ್ ಕಳಿಸಿದ. ಸ್ನೇಹ ಉಳಿಯಿತು, ಆದರೆ ಈಗ ಯಾರಿಗೂ ಸಹಿ ಹಾಕುವುದಿಲ್ಲ.

ಚಿಂತಾಮಣಿ_ಅಕ್ಕ

ಇದನ್ನೇ ಗುಬ್ಬಿ ಸರ್‌ಗೆ ಲೆಕ್ಕದಲ್ಲಿ ತೋರಿಸುತ್ತೇನೆ. ಮಗ ಡೀಲರ್ ಹತ್ತಿರ ಸಹಿ ಹಾಕಿದ ಅಂದುಕೊಳ್ಳಿ. ಒಂದು ವರ್ಷದಲ್ಲಿ ಕಂತು 3,660, ವಿಮೆ 3,120, ಮೊದಲು ಕೊಟ್ಟ 1,000. ಒಟ್ಟು 7,780 ಡಾಲರ್ ಕೈಬಿಟ್ಟಿತು. ಇಷ್ಟಾದ ಮೇಲೂ ಸಾಲ ಸುಮಾರು 10,370 ಉಳಿದಿರುತ್ತದೆ. ಕಟ್ಟಿದ 3,660ರಲ್ಲಿ ಎರಡು ಸಾವಿರ ಬಡ್ಡಿಗೇ ಹೋಯಿತು. ಕಾರಿನ ಬೆಲೆ ಅಷ್ಟರಲ್ಲಿ ಒಂಬತ್ತು, ಒಂಬತ್ತೂವರೆ ಸಾವಿರಕ್ಕೆ ಇಳಿದಿರಬಹುದು. ಆಗ ಕೆಲಸ ಹೋದರೆ ಶಿಡ್ಲಘಟ್ಟದವರ ರೂಮ್‌ಮೇಟ್ ಪರಿಸ್ಥಿತಿಯೇ.

ಏಳು ಸಾವಿರದ ಕೊರೊಲ್ಲಾ ರೊಕ್ಕ ಕೊಟ್ಟು ತಗೊಂಡರೆ ತೆರಿಗೆ 550 ಹತ್ತಿರ. ಲಯಬಿಲಿಟಿ ವಿಮೆ ತಿಂಗಳಿಗೆ 130 ಹಿಡಿದರೆ ವರ್ಷಕ್ಕೆ 1,560. ರಿಪೇರಿಗೆ 1,000 ಇಡಿ. ಸುಮಾರು 10,100 ಆಯಿತು. ಮೊದಲ ವರ್ಷ ಜಾಸ್ತಿಯೇ ಖರ್ಚು. ಆದರೆ ಆರು ಸಾವಿರ ಬೆಲೆಯ ಕಾರು ಅವನದ್ದೇ, ಸಾಲ ಸೊನ್ನೆ. ಎರಡನೇ ವರ್ಷ ವಿಮೆ, ರಿಪೇರಿ ಬಿಟ್ಟರೆ ಬೇರೇನಿಲ್ಲ.

ಒಂದು ಎಚ್ಚರಿಕೆ. ಲಯಬಿಲಿಟಿ ಅಂದ ಕೂಡಲೇ ಎಲ್ಲರೂ ಒಹಾಯೊದ ಕನಿಷ್ಠ ಮೊತ್ತ ತಗೊಳ್ಳುತ್ತಾರೆ, 25/50/25. ಮೊದಲೆರಡು ಗಾಯಕ್ಕೆ, ಒಬ್ಬರಿಗೆ 25 ಸಾವಿರ, ಒಂದು ಅಪಘಾತಕ್ಕೆ ಒಟ್ಟು 50 ಸಾವಿರ. ಕೊನೆಯ 25 ಅಂದರೆ ಎದುರಿನವರ ಗಾಡಿ, ಗೋಡೆಗೆ ವಿಮೆಯವರು ಕೊಡುವುದು 25 ಸಾವಿರ ಡಾಲರ್ ಮಾತ್ರ. ಇಲ್ಲಿ ಹೊಸ ಪಿಕಪ್ ಟ್ರಕ್ 50 ಸಾವಿರದ ಮೇಲಿದೆ. ಉಳಿದದ್ದು ಮಗನ ಮೇಲೆ ಬರುತ್ತದೆ. 100/300/100 ಕೇಳಿ. ದುಪ್ಪಟ್ಟು ಬೆಲೆಯೇನೂ ಆಗುವುದಿಲ್ಲ. ನಾನು ಹೇಳಿದ 130 ಆ ಮೊತ್ತಕ್ಕೇ.

ತಿಪಟೂರು_ಬ್ಯಾಂಕ್_ನಿವೃತ್ತ

ಲೆಕ್ಕ ಸರಿಯಾಗಿದೆ, ನಾನೂ ಹಾಕಿ ನೋಡಿದೆ. ಆದರೆ ಸಾಲವೇ ಮಾಡದಿದ್ದರೆ ಕ್ರೆಡಿಟ್ ಬೆಳೆಯುವುದು ಹೇಗೆ? ಮುಂದೆ ಮನೆ ಕೊಳ್ಳುವಾಗ ಮತ್ತೆ ಇದೇ ಸಮಸ್ಯೆ ಅಲ್ವಾ?

ಚಿಂತಾಮಣಿ_ಅಕ್ಕ

ಅದಕ್ಕೆ ಕಾರ್ಡ್ ಸಾಕು ಸರ್. ಎಕ್ಸ್‌ಪ್ರೆಸ್ ಕಾರ್ಡ್ ಸಿಗದಿದ್ದರೆ 300 ಡಾಲರ್ ಠೇವಣಿ ಇಟ್ಟು ಸೆಕ್ಯೂರ್ಡ್ ಕಾರ್ಡ್ ತಗೊಳ್ಳಲಿ. ತಿಂಗಳಿಗೆ ಪೆಟ್ರೋಲ್‌ಗೆ ಒಂದು 60 ಡಾಲರ್ ಹಾಕಿ ಪೂರ್ತಿ ಕಟ್ಟಲಿ. ಬಡ್ಡಿ ಒಂದು ಸೆಂಟೂ ಇಲ್ಲ. ಆರು ತಿಂಗಳಿಗೆ ಸ್ಕೋರ್ ಹುಟ್ಟುತ್ತದೆ. ಆಗ ವಿಮೆ ಕೋಟ್ ಮತ್ತೆ ತೆಗೆಯಲಿ. ಪಾಲಿಸಿ ಹೆಚ್ಚಾಗಿ ಆರು ತಿಂಗಳದ್ದೇ ಇರುತ್ತದೆ, ಕಂಪನಿ ಬದಲಾಯಿಸುವುದು ಸುಲಭ.

ಸಾಲ ಬೇಕೇ ಬೇಕು ಅಂದರೆ ಕ್ರೆಡಿಟ್ ಯೂನಿಯನ್‌ನಲ್ಲಿ ಮೊದಲ ಸಲ ಕಾರು ಕೊಳ್ಳುವವರಿಗೆ ಅಂತಲೇ ಸಾಲ ಇರುತ್ತದೆ, ಕೇಳಲಿ. ನಮ್ಮ ಸಹಕಾರ ಸಂಘದ ಥರ. ಆದರೆ ಅವರೂ ಫುಲ್ ಕವರೇಜ್ ಕೇಳುತ್ತಾರೆ, ಅದು ನೆನಪಿರಲಿ.

ಗುಬ್ಬಿ_ಮಗ

ನಮಸ್ಕಾರ, ನಾನೇ ಮಗ. ಅಪ್ಪ ಲಿಂಕ್ ಕಳಿಸಿದರು. ಎಲ್ಲ ಓದಿದೆ, ತುಂಬಾ ಥ್ಯಾಂಕ್ಸ್. ಎಲಾಂಟ್ರಾ ಬಿಟ್ಟೆ. ನಿನ್ನೆ ಲೈಸೆನ್ಸ್ ಪಾಸಾಯಿತು. ಅಕ್ಕ ಹೇಳಿದಂತೆ ಬಕೆಟ್ ಇಟ್ಟು ಅಭ್ಯಾಸ ಮಾಡಿದೆ. ಅಪ್ಪ 6,000 ಕಳಿಸುತ್ತೇನೆ ಅಂದಿದ್ದಾರೆ, ಸಾಲ ಅಂತ ಬರೆದಿಟ್ಟುಕೊಂಡಿದ್ದೇನೆ. ಉಳಿದದ್ದು ನನ್ನದು.

2012ರ ಕೊರೊಲ್ಲಾ ಒಂದು ಸಿಕ್ಕಿದೆ, 1,24,000 ಮೈಲಿ, 7,200 ಕೇಳುತ್ತಿದ್ದಾರೆ. ಮಾರುವವರು ನಿವೃತ್ತ ದಂಪತಿ. ವಿನ್ ಹಾಕಿ ನೋಡಿದೆ, ಮಾಲೀಕತ್ವದ ಪತ್ರ, ಅಂದರೆ ಟೈಟಲ್, ಕ್ಲೀನ್ ಇದೆ, ರೀಕಾಲ್ ಒಂದೂ ಬಾಕಿ ಇಲ್ಲ. ಲೈಸೆನ್ಸ್ ನಂಬರ್ ಹಾಕಿ ತೆಗೆದ ಲಯಬಿಲಿಟಿ ಕೋಟ್ 100/300/100ಕ್ಕೆ 124 ಡಾಲರ್. ಇವತ್ತು ಮೆಕ್ಯಾನಿಕ್ ಲಿಫ್ಟ್ ಮೇಲೆ ನೋಡಿದರು, 140 ಡಾಲರ್. ಫ್ರೇಮ್ ಗಟ್ಟಿ ಇದೆ. ಹಿಂದಿನ ಎಡಗಡೆ ಬ್ರೇಕ್ ಪೈಪಿನಲ್ಲಿ ತುಕ್ಕು, ಬೆರಳಿನಿಂದ ಉಜ್ಜಿದರೆ ಪದರ ಕಿತ್ತು ಬರುತ್ತದೆ. ಬದಲಾಯಿಸಲು 400 ಆಗುತ್ತದಂತೆ. ಮಾರುವವರಿಗೆ ಫೋಟೋ ತೋರಿಸಿದೆ, 6,800ಕ್ಕೆ ಒಪ್ಪಿದರು.

ಚಿಂತಾಮಣಿ_ಅಕ್ಕ

ಒಳ್ಳೆಯ ಗಾಡಿ. ಪೈಪು ಮೊದಲು, ಓಡಿಸುವುದು ಆಮೇಲೆ. ಒಹಾಯೊದಲ್ಲಿ ಟೈಟಲ್ ಮೇಲೆ ಮಾರುವವರು ನೋಟರಿ ಮುಂದೆ ಸಹಿ ಹಾಕಬೇಕು. ಬರೀ ಸಹಿ ಹಾಕಿಕೊಟ್ಟರೆ ಟೈಟಲ್ ಆಫೀಸಿನಲ್ಲಿ ತಗೊಳ್ಳುವುದಿಲ್ಲ. ನೋಟರಿ ಇರುವ ಬ್ಯಾಂಕಿನಲ್ಲೇ ಭೇಟಿಯಾಗಿ, ಅಲ್ಲೇ ನಮ್ಮ ಡಿಡಿ ಥರದ ಕ್ಯಾಷಿಯರ್ ಚೆಕ್ ಮಾಡಿಸಿ ಕೊಡು. ವಿಮೆ ಆ ದಿನದಿಂದಲೇ ಶುರುವಾಗುವಂತೆ ಹಿಂದಿನ ದಿನ ಮಾಡಿಟ್ಟುಕೋ.

ಶಿಡ್ಲಘಟ್ಟ_ಡಲ್ಲಾಸ್

ಬರೀ ಲಯಬಿಲಿಟಿ ಬೇಡ ತಮ್ಮಾ. ಒಹಾಯೊದಲ್ಲಿ ಜಿಂಕೆ ಕಾಟ ಇದೆ, ಅಕ್ಟೋಬರ್-ನವೆಂಬರ್‌ನಲ್ಲಿ ರಸ್ತೆಗೆ ನುಗ್ಗುತ್ತವೆ. ಜಿಂಕೆ ಗುದ್ದಿದರೆ ಕಳವು, ಪ್ರಾಣಿ ಇಂಥದ್ದಕ್ಕೆ ಇರುವ ಕಾಂಪ್ರಹೆನ್ಸಿವ್‌ನಲ್ಲಿ ಬರುತ್ತದೆ, ಡಿಕ್ಕಿಯಾದರೆ ಇರುವ ಕೊಲಿಷನ್‌ನಲ್ಲಿ ಅಲ್ಲ. ಕಾಂಪ್ರಹೆನ್ಸಿವ್ ಒಂದನ್ನೇ ಸೇರಿಸಲು ಹಲವರು ಒಪ್ಪುತ್ತಾರೆ.

ಗುಬ್ಬಿ_ಮಗ

ಕೇಳಿದೆ ಅಣ್ಣ. ಅದೊಂದಕ್ಕೆ ತಿಂಗಳಿಗೆ 19 ಜಾಸ್ತಿ, ಸೇರಿಸುತ್ತೇನೆ. ಕೊಲಿಷನ್ ಸೇರಿಸಿದರೆ ಇನ್ನೂ 96, ಕ್ಲೇಮ್ ಆದಾಗ ನಾನೇ ಕಟ್ಟಬೇಕಾದ ಡಿಡಕ್ಟಿಬಲ್ 1,000.

ಗುಬ್ಬಿ_ತೋಟ

ಕೊಲಿಷನ್ನೂ ಹಾಕಿಸು. ಹೊಸ ಊರು, ಬಲಗಡೆ ಓಡಿಸೋದು, ಮುಂದೆ ಹಿಮ ಬೇರೆ. ಮೊದಲ ಚಳಿಗಾಲ ದಾಟುವವರೆಗಾದರೂ ಇರಲಿ.

ಚಿಂತಾಮಣಿ_ಅಕ್ಕ

ವರ್ಷಕ್ಕೆ 1,150 ಕಟ್ಟಿ, ಕಾರು ಪೂರ್ತಿ ಹೋದರೂ ಸಿಗುವುದು ಐದೂವರೆ ಸಾವಿರ ಸರ್. ನಾನಾದರೆ ಆ ದುಡ್ಡನ್ನು ಬೇರೆ ಖಾತೆಯಲ್ಲಿ ಇಡುತ್ತಿದ್ದೆ.

ಅಂತರಸನಹಳ್ಳಿ_ಗ್ಯಾರೇಜ್

ನಾನು ಯಜಮಾನರ ಕಡೆ. ಹಿಮದಲ್ಲಿ ಓಡಿಸದ ಹುಡುಗ, ಆರು ತಿಂಗಳು ಹಾಕಿಸಿ.

ಗುಬ್ಬಿ_ಮಗ

ಏಜೆಂಟ್‌ಗೆ ಇನ್ನೂ ಹೇಳಿಲ್ಲ. ಸೋಮವಾರ ಹತ್ತು ಗಂಟೆಗೆ ಬ್ಯಾಂಕಿನಲ್ಲಿ ನೋಟರಿ. ಅಪ್ಪ, ಭಾನುವಾರ ರಾತ್ರಿ ಫೋನ್ ಮಾಡುತ್ತೇನೆ, ಆಗ ತೀರ್ಮಾನ ಮಾಡೋಣ. ಡಿಎಲ್ ಎಕ್ಸ್‌ಟ್ರಾಕ್ಟ್ ಬಂದಿದ್ದರೆ ಅಷ್ಟರೊಳಗೆ ಫೋಟೋ ಕಳಿಸಿ.